ಏಳನೆಯ ವಿಷಯದ ಹೊಣೆ

ತಾವರಗೇರಾದ ಕುರಿ ಸಾಕಾಣಿಕೆದಾರರ ಸಹಕಾರ ಸಂಘಕ್ಕೆ ಶಾಂಭವಿ ಕಾರ್ಯದರ್ಶಿಯಾಗಿ ಬಂದು ಎರಡು ವರ್ಷವಾಗಿತ್ತು. ಕೊಪ್ಪಳದಲ್ಲಿ ಬಟ್ಟೆ ಅಂಗಡಿ ನಡೆಸುವವರ ಮಗಳು. ಕುಷ್ಟಗಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ದಿನವೂ ಬಸ್ಸಿನಲ್ಲಿ ತಾವರಗೇರಾಕ್ಕೆ ಬಂದು ಹೋಗುತ್ತಿದ್ದಳು. ಸೇರಿದ ಹೊಸದರಲ್ಲಿ ಅವಳಿಗೆ ಕುರಿಗೂ ಆಡಿಗೂ ಇರುವ ವ್ಯತ್ಯಾಸ ಬಿಟ್ಟರೆ ಹೆಚ್ಚೇನೂ ತಿಳಿದಿರಲಿಲ್ಲ. ಆದರೆ ಬರೆಯುವುದು ಗೊತ್ತಿತ್ತು.

ಅವಳಿಗಿಂತ ಮೊದಲು ಇದ್ದವರ ಕಾಲದ ನಡಾವಳಿ ಪುಸ್ತಕ ತೆರೆದರೆ ಪುಟ ಪುಟದಲ್ಲೂ ಒಂದೇ ಮಾತು ಇತ್ತು: "ಸದರಿ ವಿಷಯದ ಕುರಿತು ಚರ್ಚಿಸಲಾಯಿತು. ಸಂಬಂಧಪಟ್ಟವರು ಕ್ರಮ ಜರುಗಿಸಲು ತೀರ್ಮಾನಿಸಲಾಯಿತು." ಆ ಸಂಬಂಧಪಟ್ಟವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾವ ಕ್ರಮವೂ ಜರುಗುತ್ತಿರಲಿಲ್ಲ. ಕುರಿ ತೂಗುವ ಕಾಟಾ ಮೂರು ವರ್ಷ ಕೆಟ್ಟು ಬಿದ್ದಿತ್ತು. ಅದರ ದುರಸ್ತಿ ಮೂರು ವರ್ಷವೂ ಚರ್ಚೆಯಾಗಿತ್ತು.

ಕೊಪ್ಪಳದಲ್ಲಿ ಜಿಲ್ಲೆಯ ಸಂಘಗಳ ಕಾರ್ಯದರ್ಶಿಗಳಿಗೆ ಎರಡು ದಿನದ ತರಬೇತಿ ನಡೆದಾಗ ಲಲಿತಾ ಎಂಬ ಮೇಲಧಿಕಾರಿ ಒಂದು ಕೋಷ್ಟಕ ಕೊಟ್ಟರು. ಆಗಬೇಕಾದ ಕೆಲಸ ಏನು, ಹೊಣೆ ಯಾರದು, ಯಾವ ದಿನದೊಳಗೆ. ಕೋಷ್ಟಕದ ಯಾವ ಮನೆಯನ್ನೂ ಖಾಲಿ ಬಿಡಬಾರದು, ಖಾಲಿ ಬಿಟ್ಟು ಜಿಲ್ಲೆಗೆ ಕಳಿಸಿದ ಹಾಳೆ ವಾಪಸ್ ಬರುತ್ತದೆ ಎಂದರು. ಶಾಂಭವಿ ಅದನ್ನು ಶ್ರದ್ಧೆಯಿಂದ ಹಿಡಿದಳು. ಸಭೆಯಲ್ಲಿ ಯಾರಾದರೂ "ಮೇಸ್ತ್ರಿನ್ನ ಕರಸಬೇಕು" ಅಂದರೆ, ಅವಳು ಪೆನ್ನು ಎತ್ತಿ, ಯಾರು ಕರೆಸುತ್ತೀರಿ, ಯಾವತ್ತು ಎಂದು ಕೇಳುತ್ತಿದ್ದಳು. ಮೊದಮೊದಲು ನಕ್ಕರು. ಆಮೇಲೆ ಕೆಲಸಗಳು ಮುಗಿಯತೊಡಗಿದವು. ಕಾಟಾ ಸರಿಯಾಯಿತು. ದೊಡ್ಡಿಯ ಹತ್ತಿರದ ನೀರಿನ ತೊಟ್ಟಿಗೆ ಸಿಮೆಂಟು ಬಿತ್ತು. ಅಧ್ಯಕ್ಷ ತಿಮ್ಮಣ್ಣ ಊರಲ್ಲಿ ನಾಲ್ಕು ಜನರ ಮುಂದೆ, ನಮ್ಮ ಮೇಡಮ್ಮಾರ ಪುಸ್ತಕದಾಗ ಹೆಸರು ಬಿತ್ತಂದ್ರ ಕೆಲಸ ಆತು ಅಂತನ ತಿಳೀರಿ ಎಂದು ಹೇಳಿಕೊಂಡು ತಿರುಗಿದ.

ಎರಡನೆಯ ವರ್ಷಕ್ಕೆ ಅವಳು ಕೇಳುವುದನ್ನು ಕಡಿಮೆ ಮಾಡಿದಳು. ಕೇಳುವ ಅಗತ್ಯ ಕಾಣಲಿಲ್ಲ. ಮಾತು ಎತ್ತಿದವರು ಯಾರು, ಮೋಟಾರ್‌ಸೈಕಲ್ ಇದ್ದವರು ಯಾರು, ಯಾರ ಬೀಗರು ಯಾವ ಊರಲ್ಲಿದ್ದಾರೆ, ಯಾರು ತಲೆಯಾಡಿಸಿದರು, ಯಾರು ಕಿಟಕಿಯ ಕಡೆ ನೋಡಿದರು, ಇವೆಲ್ಲ ಅವಳಿಗೆ ತಿಳಿಯುತ್ತಿದ್ದವು. ಗದ್ದಲದ ಚರ್ಚೆಯ ನಡುವಿನಿಂದ ಅವಳು ಹೆಸರನ್ನೂ ದಿನಾಂಕವನ್ನೂ ಹೆಕ್ಕಿ ಬರೆದುಬಿಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೇ ಇರುತ್ತಿತ್ತು. ನಿರ್ದೇಶಕರು ಸಭೆ ಶುರುವಾಗುವಾಗಲೇ ಖಾಲಿ ಪುಟದ ಮೇಲ್ಭಾಗದಲ್ಲಿ ಹಾಜರಿಯ ಸಹಿ ಹಾಕಿಬಿಡುತ್ತಿದ್ದರು. ಅದರ ಕೆಳಗೆ ನಡಾವಳಿಯನ್ನು ಅವಳು ಮಾರನೆಯ ದಿನ ಬರೆದು, ಫೋಟೋ ತೆಗೆದು, ಸಂಘದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಯಾರಾದರೂ ಒಬ್ಬರು ಕೈಮುಗಿಯುವ ಚಿತ್ರ ಹಾಕುತ್ತಿದ್ದರು. ಅಲ್ಲಿಗೆ ಮುಗಿಯಿತು.

ನವೆಂಬರ್ ಇಪ್ಪತ್ತೈದರ ಸಭೆ ಲಸಿಕೆ ಶಿಬಿರದ ಬಗ್ಗೆ ನಡೆಯಿತು. ಕುರಿಗಾರರು ಹಿರೇಬ್ಯಾನಿ ಎನ್ನುವ ರೋಗಕ್ಕೆ ಡಿಸೆಂಬರ್ ಹದಿನಾಲ್ಕರಂದು ಸಂಘದ ದೊಡ್ಡಿಯಲ್ಲಿ ಲಸಿಕೆ ಹಾಕುವುದೆಂದು ಪಶು ಆಸ್ಪತ್ರೆಯವರು ಒಪ್ಪಿದ್ದರು. ಆಸ್ಪತ್ರೆಯ ಪರವಾಗಿ ಪಶುವೈದ್ಯಕೀಯ ಪರೀಕ್ಷಕ ಮಕ್ಬುಲಸಾಬ ಬಂದು ಕುಳಿತಿದ್ದ. ಮೂವತ್ತು ವರ್ಷ ಕುರಿಗಳ ನಡುವೆಯೇ ಕಳೆದವನು. ಐಸ್ ಪೆಟ್ಟಿಗೆ ಯಾರು ತರಬೇಕು, ಬೆಳಿಗ್ಗೆ ಯಾವ ಓಣಿಯ ಹಿಂಡು ಮೊದಲು, ಡಂಗುರ ಯಾವತ್ತು, ಬಿಸಿಲೇರುವ ಮುಂಚೆ ಮುಗಿಸುವುದು ಹೇಗೆ, ಹೀಗೆ ಆರು ವಿಷಯ ಒಂದು ತಾಸಿನಲ್ಲಿ ಇತ್ಯರ್ಥವಾದವು. ಆರಕ್ಕೂ ಹೊಣೆ ಹೊತ್ತವರು ತಾವಾಗಿ ಬಾಯಿಬಿಟ್ಟು ಹೇಳಿದ್ದರು.

ಏಳನೆಯ ವಿಷಯ ಹುಲಗಮ್ಮನ ಹಿಂಡಿನದು. ಹುಲಗಮ್ಮ ಮತ್ತು ಅವಳ ಗಂಡ ತಿರುಪತಿ ತೊಂಬತ್ತೆರಡು ಕುರಿ ಹೊಡೆದುಕೊಂಡು ಗಂಗಾವತಿ ಕಡೆಯ ಕಾಲುವೆ ಸೀಮೆಗೆ ಹೋಗಿದ್ದರು. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಕುರಿ ಮೇಯಿಸಿ, ರಾತ್ರಿ ಅಲ್ಲೇ ನಿಲ್ಲಿಸಿ, ಗೊಬ್ಬರಕ್ಕೆಂದು ಗದ್ದೆಯವರು ಕೊಡುವ ಅಕ್ಕಿ ಪಡೆದು ತಿರುಗುವುದು ಅವರ ಪ್ರತಿವರ್ಷದ ರೂಢಿ. ಹೋದ ಸುತ್ತಿನ ಲಸಿಕೆಯ ಹೊತ್ತಿಗೂ ಅವರು ಊರಲ್ಲಿರಲಿಲ್ಲ. ಹಿಂಡಿನ ಮುಕ್ಕಾಲು ಪಾಲು ಆಮೇಲೆ ಹುಟ್ಟಿದ ಮರಿಗಳು. ತಿರುಪತಿಯ ಫೋನು ಹದಿನೈದು ದಿನದಿಂದ ಹತ್ತುತ್ತಿರಲಿಲ್ಲ.

ಅವರು ಊರಿಗೆ ಬರುವುದೇನೂ ಬೇಡ ಎಂದು ಮಕ್ಬುಲಸಾಬ ಹೇಳಿದ. ಯಾವ ಊರಿನ ಹತ್ತಿರ ಬಿಡಾರ ಹಾಕಿದ್ದಾರೆ, ಎಷ್ಟು ಕುರಿ ಇವೆ, ಇಷ್ಟನ್ನು ಡಿಸೆಂಬರ್ ಐದರೊಳಗೆ ತಿಳಿಸಿದರೆ ಸಾಕು. ಆ ಕಡೆಯ ಆಸ್ಪತ್ರೆಗೆ ನಾನೇ ಮಾತಾಡಿ ಅಲ್ಲೇ ಹಾಕಿಸುತ್ತೇನೆ. ಐದು ದಾಟಿದರೆ ಆ ಆಸ್ಪತ್ರೆಯವರ ಲಸಿಕೆ ಬೇಡಿಕೆಯ ಪಟ್ಟಿ ಹೋಗಿಬಿಟ್ಟಿರುತ್ತದೆ, ಲಸಿಕೆ ಹಾಕಿದ ಮೇಲೂ ಮೈಗೆ ಹತ್ತಲು ಎರಡು ಮೂರು ವಾರ ಬೇಕು.

ಯಾರಾದರೂ ಹೋಗಿ ನೋಡಿಕೊಂಡು ಬರಬೇಕು ಎಂದು ತಿಮ್ಮಣ್ಣ ಅಂದ. ಹೌದು, ಹೋಗಲೇಬೇಕು ಎಂದು ಎಲ್ಲರೂ ಅಂದರು. ಅದು ಎಷ್ಟು ದೂರ, ಹಿಂಡು ದಿನಕ್ಕೊಂದು ಗದ್ದೆ ಬದಲಿಸುತ್ತದೆ, ಹುಡುಕುವುದು ಹೇಗೆ ಎಂದು ಇಪ್ಪತ್ತು ನಿಮಿಷ ಮಾತು ನಡೆಯಿತು. ಕೊನೆಗೆ ನಿರ್ದೇಶಕರಲ್ಲಿ ಕಿರಿಯನಾದ ಗೌರೀಶ, ಲಕ್ಷ್ಮಣಪ್ಪನ ಕಡೆ ಕೈ ತೋರಿಸಿದ.

"ನಮ್ಮ ಕಾಕಾನ ಮಗಳನ್ನ ಆ ಕಡೀಗೇ ಕೊಟ್ಟೈತಲ್ರಿ. ಹೋಗಿ ಬಂದು ಮಾಡ್ತಿರ್ತಾನ."

ಲಕ್ಷ್ಮಣಪ್ಪ ಅರವತ್ತು ದಾಟಿದ ನಿರ್ದೇಶಕ. ಹುಲಗಮ್ಮನಿಗೆ ತಂದೆಯ ತಮ್ಮ. ಸಹಿ ಮಾಡುವಷ್ಟು ಅಕ್ಷರ ಬಲ್ಲವನು. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನು. ಸಭೆಯಲ್ಲಿ ಮಾತಾಡುವುದು ಕಡಿಮೆ. ಹೆಗಲ ಮೇಲಿನ ಕಂಬಳಿಯನ್ನು ಸರಿಪಡಿಸಿಕೊಂಡು ಅವನು, "ನೋಡೂಣಂತ," ಅಂದ.

ಅಷ್ಟರಲ್ಲಿ ಚಹಾ ಬಂತು. ಮಾತು ಬೇರೆ ಕಡೆ ಹೋಯಿತು.

ಮರುದಿನ ಕೋಷ್ಟಕ ಬರೆಯಲು ಕುಳಿತಾಗ ಆರು ಸಾಲು ಸಲೀಸಾಗಿ ತುಂಬಿದವು. ಏಳನೆಯದಕ್ಕೆ ಕೆಲಸ ಗೊತ್ತಿತ್ತು: ಹುಲಗಮ್ಮನ ಹಿಂಡು ಎಲ್ಲಿದೆ, ಎಷ್ಟು ಕುರಿ ಎಂಬುದನ್ನು ತಿಳಿದು ಆಸ್ಪತ್ರೆಗೆ ತಿಳಿಸುವುದು. ದಿನವೂ ಗೊತ್ತಿತ್ತು: ಡಿಸೆಂಬರ್ ಐದರೊಳಗೆ. ಹೊಣೆಯ ಮನೆಯ ಮೇಲೆ ಪೆನ್ನು ತುಸು ನಿಂತಿತು. ಫೋನು ಮಾಡಿ ಕೇಳಲೇ ಎಂದುಕೊಂಡಳು. ಹಿರಿಯರು, ಮಗಳ ಮನೆಗೆ ಹೇಗೂ ಹೋಗುವವರು, ಮತ್ತೆ ಮತ್ತೆ ಕೇಳಿದರೆ ನಂಬಿಕೆಯಿಲ್ಲವೇ ಎಂದುಕೊಂಡಾರು ಎಂದೂ ಅನಿಸಿತು. ಖಾಲಿ ಬಿಟ್ಟರೆ ಹಾಳೆ ವಾಪಸ್ ಬರುತ್ತದೆ. "ಶ್ರೀ ಲಕ್ಷ್ಮಣಪ್ಪ, ನಿರ್ದೇಶಕರು" ಎಂದು ಬರೆದಳು. ಫೋಟೋ ತೆಗೆದು ಗುಂಪಿಗೆ ಹಾಕಿದಳು. ಲಕ್ಷ್ಮಣಪ್ಪನ ಫೋನಿನಲ್ಲಿ ವಾಟ್ಸಾಪ್ ಇಲ್ಲವೆಂಬುದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಆ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ, ಅಷ್ಟೇ.

ಶಿಬಿರ ಚೆನ್ನಾಗಿ ನಡೆಯಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಕುರಿಗೆ ಲಸಿಕೆ ಬಿತ್ತು. ಆ ಗಡಿಬಿಡಿಯ ದಿನಗಳಲ್ಲಿ ಐದನೆಯ ತಾರೀಖು ಬಂದದ್ದೂ ಹೋದದ್ದೂ ಯಾರ ಗಮನಕ್ಕೂ ಬರಲಿಲ್ಲ. ಮಕ್ಬುಲಸಾಬ ಒಂದು ಸಲ ಹುಲಗಮ್ಮನ ಹಿಂಡಿನ ಸುದ್ದಿ ಕೇಳಿದ್ದ. ಹೊಣೆ ಕೊಟ್ಟಿದ್ದೇವೆ, ಅವರು ನೇರವಾಗಿ ಆಸ್ಪತ್ರೆಗೇ ಹೇಳುತ್ತಾರೆ ಎಂದು ಶಾಂಭವಿ ಹೇಳಿದ್ದಳು. ಹಾಗಾದರೆ ಆ ಕಡೆಯ ಆಸ್ಪತ್ರೆಗೇ ಹೇಳಿರಬಹುದು ಎಂದು ಅವನು ಸುಮ್ಮನಾಗಿದ್ದ.

ಜನವರಿಯ ಎರಡನೆಯ ವಾರ ಮಕ್ಬುಲಸಾಬ ಸಂಘದ ಕಚೇರಿಗೆ ಬಂದು, ಕುರ್ಚಿಯಲ್ಲಿ ಕೂಡದೆ, ನಿಂತೇ ವಿಷಯ ಹೇಳಿದ. ಹುಲಗಮ್ಮನ ಹಿಂಡಿಗೆ ಹಿರೇಬ್ಯಾನಿ ಬಂದಿದೆ. ಮೂಗು ಕಣ್ಣು ಸುರಿಯುವುದು, ಬಾಯಿ ಹುಣ್ಣು, ಭೇದಿ. ಮೇವು ಮುಟ್ಟುತ್ತಿಲ್ಲ. ಮೂವತ್ತು ಆಗಲೇ ಸತ್ತಿವೆ. ಅಲ್ಲಿಯ ಡಾಕ್ಟರು ಕೈಲಾದ ಔಷಧ ಕೊಡುತ್ತಿದ್ದಾರೆ, ಆದರೆ ಬಂದ ಮೇಲೆ ಅದಕ್ಕೆ ಮದ್ದು ಅಂತ ಇಲ್ಲ. ಆ ಆಸ್ಪತ್ರೆಗೆ ಈ ಹಿಂಡಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಶಾಂಭವಿ ನಡಾವಳಿ ಪುಸ್ತಕ ತೆಗೆದು ನೋಡಿದಳು. ತನ್ನದೇ ಅಕ್ಷರ, ಗುಂಡಗೆ, ನೇರವಾಗಿ ಇತ್ತು. ಅದನ್ನು ಓದುವಾಗ ಆ ದಿನ ಲಕ್ಷ್ಮಣಪ್ಪ ಅಂದ ಮಾತು ಕಿವಿಗೆ ಬಂತು. ಅದರಲ್ಲಿ ಹೋಗುತ್ತೇನೆ ಎಂಬುದು ಎಲ್ಲಿಯೂ ಇರಲಿಲ್ಲ.

ಜನವರಿ ಇಪ್ಪತ್ತರಂದು ತಿಮ್ಮಣ್ಣ ತುರ್ತು ಸಭೆ ಕರೆದ. ಅಷ್ಟರಲ್ಲಿ ಸತ್ತ ಕುರಿಗಳ ಲೆಕ್ಕ ಐವತ್ತೇಳಕ್ಕೆ ಬಂದಿತ್ತು. ಗಂಡನನ್ನು ಉಳಿದ ಕುರಿಗಳ ಹತ್ತಿರ ಬಿಟ್ಟು ಹುಲಗಮ್ಮ ಬಂದಿದ್ದಳು. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು. ಕುಳಿತುಕೋ ಎಂದರೂ ಕೂಡಲಿಲ್ಲ. ನಲವತ್ತರ ಹೆಂಗಸು. ನಿದ್ದೆಗೆಟ್ಟು ಕಣ್ಣು ಒಳಗೆ ಹೋಗಿದ್ದವು.

ಇದು ಯಾರ ತಪ್ಪು ಎಂದು ತಿಮ್ಮಣ್ಣ ಕೇಳಿದ. ಒಬ್ಬರು ಆಸ್ಪತ್ರೆಯವರದು ಅಂದರು. ಇನ್ನೊಬ್ಬರು ತಿರುಪತಿ ಫೋನು ಬಂದ್ ಇಟ್ಟದ್ದೇ ತಪ್ಪು ಅಂದರು. ಆಗ ತಿಮ್ಮಣ್ಣ ಪುಸ್ತಕ ತರಲು ಹೇಳಿದ. ಶಾಂಭವಿ ತಂದು ಅವನ ಮುಂದೆ ಇಟ್ಟಳು. ಅವನು ಬೆರಳಿಟ್ಟು ಏಳನೆಯ ಸಾಲು ಜೋರಾಗಿ ಓದಿದ. ಹೊಣೆ, ಶ್ರೀ ಲಕ್ಷ್ಮಣಪ್ಪ. ಗಡುವು, ಡಿಸೆಂಬರ್ ಐದು.

ಎಲ್ಲರೂ ಲಕ್ಷ್ಮಣಪ್ಪನ ಕಡೆ ತಿರುಗಿದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಓದಲು ಹೇಳಿದ. ತಿಮ್ಮಣ್ಣ ಇನ್ನೊಮ್ಮೆ ಓದಿದ.

"ಕಾಕಾ," ಎಂದಳು ಹುಲಗಮ್ಮ, "ನಿನ್ನ ಹೆಸರ ಐತೇನು ಅದರಾಗ?"

"ಐತಂತವ್ವ."

"ಸಹಿ?"

ತಿಮ್ಮಣ್ಣ ಪುಟದ ಮೇಲ್ಭಾಗದಲ್ಲಿದ್ದ ಸಹಿ ತೋರಿಸಿದ. ಲಕ್ಷ್ಮಣಪ್ಪ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಶಾಂಭವಿಯನ್ನು ನೋಡಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ. ತಾನು ಆ ದಿನ ಏನು ಅಂದೆ ಎಂಬುದನ್ನು ಇವಳಾದರೂ ಹೇಳಿಯಾಳು ಎಂದು ಕೇಳುವಂತಿತ್ತು.

ಶಾಂಭವಿ ಬಾಯಿ ತೆರೆಯಬೇಕಾದ ಹೊತ್ತು ಅದೇ ಆಗಿತ್ತು. ಅವಳ ತಲೆಯಲ್ಲಿ ಏನೇನೋ ಓಡಿದವು. ನಡಾವಳಿ ತಪ್ಪು ಎಂದರೆ ಎರಡು ವರ್ಷದ ಎಲ್ಲ ನಡಾವಳಿಯ ಮೇಲೂ ಅನುಮಾನ ಬರುತ್ತದೆ. ಜಿಲ್ಲೆಗೆ ಹೋದ ಹಾಳೆ ಅದು. ಇಲ್ಲ ಅಂತಲೂ ಇವರು ಅಂದಿರಲಿಲ್ಲವಲ್ಲ. ಈ ಕೊನೆಯ ಮಾತನ್ನು ಹಿಡಿದುಕೊಂಡು ಅವಳು ತಲೆ ತಗ್ಗಿಸಿದಳು.

"ಬರದೈತಿ ಅಂದ್ರ ನಾ ಒಪ್ಪಿರಬೇಕು," ಅಂದ ಲಕ್ಷ್ಮಣಪ್ಪ. "ವಯಸ್ಸಾತು. ನೆನಪ ಹಾರಿರಬೇಕು."

ಹುಲಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ಲಕ್ಷ್ಮಣಪ್ಪ ಅವಳ ಹಿಂದೆ ಬಾಗಿಲ ತನಕ ಹೋದ. ಅವಳು ತಿರುಗಿ ನೋಡಲಿಲ್ಲ. ಅವನು ಒಳಗೆ ಬಂದು, ತನಗೆ ಇನ್ನು ಈ ನಿರ್ದೇಶಕನ ಕೆಲಸ ಆಗುವುದಿಲ್ಲ, ರಾಜೀನಾಮೆ ಬರೆದುಕೊಳ್ಳಿ, ಸಹಿ ಮಾಡುತ್ತೇನೆ ಅಂದ. ಬರೆಯಬೇಕಾದವಳು ಶಾಂಭವಿಯೇ. ಮೂರು ಸಾಲು ಬರೆದಳು. ಅವನು ಓದಿಸಿಕೊಳ್ಳದೆ ಸಹಿ ಮಾಡಿದ.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಕುಷ್ಟಗಿಯ ಕೋಣೆಯಲ್ಲಿ ಕುಳಿತು ಅವ್ವನಿಗೆ ಫೋನು ಮಾಡಿ ಸುಮ್ಮನೆ ಹವಾಮಾನ ಮಾತಾಡಿ ಇಟ್ಟುಬಿಡುತ್ತಿದ್ದಳು. ಹತ್ತು ದಿನ ಹೀಗೆ ಕಳೆದ ಮೇಲೆ, ಒಂದು ಮಧ್ಯಾಹ್ನ ಕಚೇರಿಗೆ ಬೀಗ ಹಾಕಿ ಲಕ್ಷ್ಮಣಪ್ಪನ ಮನೆಗೆ ನಡೆದಳು.

ಅವನು ಹಿತ್ತಿಲಲ್ಲಿ ಕುರಿಮರಿಗಳಿಗೆ ತೊಗರಿ ಹೊಟ್ಟು ಹಾಕುತ್ತಿದ್ದ. ಅವಳನ್ನು ಕಂಡು ಹೊರಸಿನ ಮೇಲೆ ಕಂಬಳಿ ಹಾಸಿದ. ಅವಳು ಕೂಡುವ ಮೊದಲೇ ಹೇಳಿದಳು. ನೀವು ಒಪ್ಪಿರಲಿಲ್ಲ, ನಿಮ್ಮ ನೆನಪು ಸರಿಯಿದೆ. ಹೊಣೆಯ ಜಾಗದಲ್ಲಿ ಯಾರದೋ ಒಂದು ಹೆಸರು ಬೇಕಿತ್ತು, ನಾನೇ ನಿಮ್ಮದನ್ನು ಬರೆದೆ. ನಿಮಗೆ ಓದಿ ಹೇಳಲಿಲ್ಲ. ಸಭೆಯಲ್ಲೂ ಹೇಳಲಿಲ್ಲ.

ಲಕ್ಷ್ಮಣಪ್ಪ ಹೊಟ್ಟಿನ ಬುಟ್ಟಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ.

"ಆ ಊರಿಗೆ ನಾ ಕಾಲಿಟ್ಟು ಎರಡು ವರ್ಷಾತು ತಂಗಿ. ಅಳಿಯಾಗೂ ನನಗೂ ಮಾತಿಲ್ಲ. ಮಗಳ ಮಾರಿ ನೋಡಿಲ್ಲ. ಅಷ್ಟು ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ? ನೋಡೂಣಂತ ಅಂದೆ. ಅದು ಒಲ್ಲೆ ಅಂದಂಗ ಅಂತ ನಮ್ಮ ಮಂದಿಗೆ ತಿಳೀತಿತ್ತು. ಯಾರರ ಬ್ಯಾರೆದವ್ರು ಹೋಕ್ಕಾರ ಅಂತ ತಿಳಕೊಂಡೆ."

ನಾನು ಒಂದು ಮಾತು ಕೇಳಿದ್ದರೆ ಆಗುವುದಿಲ್ಲ ಎಂದು ಹೇಳುತ್ತಿದ್ದಿರೇ ಎಂದು ಶಾಂಭವಿ ಕೇಳಿದಳು.

"ಒಬ್ಬಾಕಿನ ಬಂದು ಕೇಳಿದ್ರ ಹೇಳ್ತಿದ್ನೆವ್ವ," ಅಂದ. "ಮಂದ್ಯಾಗ ಕೇಳಿದ್ರ ಆಗ್ತಿದ್ದಿಲ್ಲ."

ಅವನ ಹೆಂಡತಿ ಚಹಾ ತಂದಳು. ಮುಂದಿನ ಸಭೆಯಲ್ಲಿ ಎಲ್ಲವನ್ನೂ ಹೇಳುತ್ತೇನೆ, ನೀವು ಬರಬೇಕು, ರಾಜೀನಾಮೆ ವಾಪಸ್ ತೆಗೆದುಕೊಳ್ಳಬೇಕು ಎಂದು ಶಾಂಭವಿ ಬೇಡಿಕೊಂಡಳು. ಹೇಳುವುದು ನಿನ್ನ ಮನಸ್ಸಿಗೆ ಬಿಟ್ಟದ್ದು, ನಾನು ಮಾತ್ರ ಬರುವುದಿಲ್ಲ ಅಂದ. ಆ ಕೋಣೆಯಲ್ಲಿ ಅಷ್ಟು ವರ್ಷ ಜೊತೆಗೆ ಕುಳಿತವರಲ್ಲಿ ಒಬ್ಬನಾದರೂ, ಕಾಕಾ ಹಾಗೆ ಅಂದಿರಲಿಲ್ಲ ಎಂದು ಹೇಳಲಿಲ್ಲವಲ್ಲ, ಅದು ನುಂಗಲಿಕ್ಕೆ ಆಗುತ್ತಿಲ್ಲ ಅಂದ. ಅವಳ ಬಗ್ಗೆ ಏನೂ ಅನ್ನಲಿಲ್ಲ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಹುಲಗಮ್ಮನಿಗೆ ಫೋನಿನಲ್ಲಿ ಹೇಳುವ ವಿಷಯ ಇದಲ್ಲ ಎಂದು ಅವಳಿಗೆ ಅನಿಸಿತು. ಮರುದಿನ ಬೆಳಿಗ್ಗೆ ತಾವರಗೇರಾದಿಂದ ಎಂಟು ಗಂಟೆಯ ಬಸ್ಸು ಹತ್ತಿದಳು. ಕನಕಗಿರಿ ದಾಟಿ ಗಂಗಾವತಿಯಲ್ಲಿ ಇಳಿದಾಗ ಹತ್ತಾಗಿತ್ತು. ನಿಲ್ದಾಣದ ಹೊರಗೆ ಹಗ್ಗ, ಬಲೆ ಮಾರುವ ಅಂಗಡಿಯಲ್ಲಿ ಕುರಿಗಾರರ ವಿಚಾರ ಕೇಳಿದಳು. ರಾತ್ರಿ ಕುರಿ ನಿಲ್ಲಿಸುವ ಹಟ್ಟಿಯ ಸುತ್ತ ಕಟ್ಟುವ ಬಲೆಗೆ ಕುರಿಗಾರರೆಲ್ಲ ಅಲ್ಲಿಗೇ ಬರುತ್ತಾರೆ. ಕುಷ್ಟಗಿ ಕಡೆಯವರೆಂದರೆ ಕಾಲುವೆಯ ಆಚೆ ಕಡೆ ನಾಲ್ಕೈದು ಹಿಂಡು ಇವೆ ಎಂದು ಅಂಗಡಿಯವನು ಹೇಳಿದ. ಆಟೋ ಹಿಡಿದು ಹೋದಳು. ಕಾಲುವೆಯ ಸೇತುವೆಯ ಹತ್ತಿರದ ಚಹಾ ಅಂಗಡಿಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ ಆಡುವ ಹೆಂಗಸೊಬ್ಬಳು, ಕುರಿ ಸತ್ತವರ ಹಿಂಡಾ, ಅದು ಅಗೋ ಆ ಬೇವಿನ ಮರದ ಹಿಂದೆ ಎಂದು ಕೈ ಮಾಡಿದಳು. ಗದ್ದೆಯ ಬದುವಿನ ಮೇಲೆ ನಡೆದು ಶಾಂಭವಿ ಬಿಡಾರ ಮುಟ್ಟಿದಾಗ ಹನ್ನೆರಡು ಹೊಡೆದಿರಲಿಲ್ಲ.

ಮೂವತ್ತೈದು ಕುರಿ ಉಳಿದಿದ್ದವು. ಕಾಯಿಲೆಯಿಂದ ಎದ್ದ ಕೆಲವು ಇನ್ನೂ ಕೆಮ್ಮುತ್ತಿದ್ದವು. ತಿರುಪತಿ ಅವುಗಳ ನಡುವೆ ಕೋಲಿಗೆ ಒರಗಿ ನಿಂತಿದ್ದ. ಹುಲಗಮ್ಮ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಾಂಭವಿ ಅವಳ ಎದುರು ನೆಲದ ಮೇಲೆ ಕುಳಿತು, ಲಕ್ಷ್ಮಣಪ್ಪನಿಗೆ ಹೇಳಿದ್ದನ್ನೇ ಹೇಳಿದಳು. ಅವನು ಹೋಗುತ್ತೇನೆ ಎಂದು ಹೇಳಿರಲಿಲ್ಲ, ಅವನ ಹೆಸರು ಬರೆದದ್ದು ಅವನಿಗೆ ಗೊತ್ತೇ ಇರಲಿಲ್ಲ, ತಪ್ಪು ತನ್ನದು ಎಂದಳು.

ಹುಲಗಮ್ಮ ಕೈಯ ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು.

"ಎಷ್ಟೊತ್ತಿಗೆ ಬಿಟ್ರಿ ಅಕ್ಕಾರ ಊರು?"

"ಎಂಟರ ಬಸ್ಸಿಗೆ."

ಹುಲಗಮ್ಮ ತಲೆಯೆತ್ತಿ ಸೂರ್ಯ ಎಲ್ಲಿದ್ದಾನೆಂದು ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಅವನಿಗೂ ಕೇಳಿಸಿತ್ತು. ಸಂಘದಲ್ಲಿ ಹನ್ನೊಂದು ಜನ ಇಪ್ಪತ್ತು ನಿಮಿಷ ಮಾತಾಡಿ ಬಿಟ್ಟ ಕೆಲಸ ನಾಲ್ಕು ತಾಸಿನದಾಗಿತ್ತು. ಯಾರು ಬಂದಿದ್ದರೂ ಆಗುತ್ತಿತ್ತು. ತಾನೇ ಬಂದಿದ್ದರೂ ಆಗುತ್ತಿತ್ತು. ಕೋಷ್ಟಕದ ಆ ಖಾಲಿ ಮನೆಯಲ್ಲಿ ತನ್ನ ಹೆಸರು ಬರೆಯಬಹುದಿತ್ತು ಎಂಬುದು ಶಾಂಭವಿಗೆ ಅಲ್ಲಿ, ಆ ಒಲೆಯ ಮುಂದೆ, ಮೊದಲ ಸಲ ಹೊಳೆಯಿತು. ಅವಳು ಅತ್ತಳು. ಹುಲಗಮ್ಮ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಒಂದು ರೊಟ್ಟಿಯ ಮೇಲೆ ಖಾರ ಹಾಕಿ ಕೈಗೆ ಕೊಟ್ಟಳು. ಉಣ್ಣದೆ ಹೋಗುವುದು ಸರಿಯಲ್ಲ ಎಂಬಷ್ಟಕ್ಕೆ ಕೊಟ್ಟದ್ದು ಅದು.

"ಕಾಕಾಗ ನಾ ಭಾಳ ಕೆಟ್ಟ ಮಾತ ಅಂದು ಕಳಿಸೇನ್ರಿ," ಎಂದಳು ಕೊನೆಗೆ. "ಮಂದಿ ಕೈಲೆ ಹೇಳಿ. ಅವನ ಮನ್ಯಾಗ ಇನ್ನ ನೀರ ಮುಟ್ಟಂಗಿಲ್ಲ ಅಂತ."

ಫೆಬ್ರವರಿಯ ಸಭೆಯಲ್ಲಿ ಶಾಂಭವಿ ಎದ್ದು ನಿಂತು ತಿದ್ದುಪಡಿ ಓದಿದಳು. ನವೆಂಬರ್ ಇಪ್ಪತ್ತೈದರ ನಡಾವಳಿಯ ಏಳನೆಯ ವಿಷಯದಲ್ಲಿ ಶ್ರೀ ಲಕ್ಷ್ಮಣಪ್ಪನವರು ಹೊಣೆ ಒಪ್ಪಿರಲಿಲ್ಲ. ಅವರ ಒಪ್ಪಿಗೆ ಪಡೆಯದೆ ಕಾರ್ಯದರ್ಶಿಯು ಅವರ ಹೆಸರು ದಾಖಲಿಸಿದ್ದು, ಅದನ್ನು ಅವರಿಗೆ ತಿಳಿಸಿರುವುದಿಲ್ಲ. ಆ ಕೆಲಸಕ್ಕೆ ಸಭೆಯಲ್ಲಿ ಯಾರೂ ಹೊಣೆ ಹೊತ್ತಿರಲಿಲ್ಲ. ತಿಮ್ಮಣ್ಣನಿಗೆ ಇದು ಹಿಡಿಸಲಿಲ್ಲ. ಮುಗಿದದ್ದನ್ನು ಈಗ್ಯಾಕೆ ಕೆದಕಬೇಕು, ಜಿಲ್ಲೆಯವರು ಓದಿದರೆ ಸಂಘದ ಮಾನ ಏನಾದೀತು ಅಂದ. ಗೌರೀಶ ಮಾತ್ರ, ಕಾಕಾನ ಹೆಸರು ಎತ್ತಿದವನು ನಾನು, ನನ್ನದನ್ನೂ ಬರೆಯಿರಿ ಎಂದು ಮೆಲ್ಲಗೆ ಹೇಳಿದ. ಅದನ್ನೂ ಬರೆದಳು. ಹಾಳೆ ಜಿಲ್ಲೆಗೆ ಹೋಯಿತು. ಹದಿನೈದು ದಿನಕ್ಕೆ ಅವಳಿಗೆ ಕಾರಣ ಕೇಳಿ ನೋಟಿಸು ಬಂತು. ಉತ್ತರ ಬರೆದಳು. ಒಂದು ಎಚ್ಚರಿಕೆಯ ಪತ್ರದೊಂದಿಗೆ ಅದು ಮುಗಿಯಿತು.

ಈಗ ಅವಳು ನಡಾವಳಿಯನ್ನು ಬೇರೆ ರೀತಿ ಬರೆಯುತ್ತಾಳೆ. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರೆ, ಸೂಚಿಸಿದವರು ಇಂಥವರು, ಒಪ್ಪಿಗೆ ಬಾಕಿ ಎಂದು ಬರೆಯುತ್ತಾಳೆ. ಸಭೆ ಮುಗಿದ ಮೇಲೆ ಅವರನ್ನು ಒಬ್ಬೊಬ್ಬರನ್ನೇ ಹೊರಗೆ ಕಂಡು, ಆಗುತ್ತದೋ ಇಲ್ಲವೋ, ಆಗದಿದ್ದರೆ ನಿಮ್ಮ ಹೆಸರು ತೆಗೆಯುತ್ತೇನೆ, ಕಾರಣ ಹೇಳಬೇಕಾಗಿಲ್ಲ ಎಂದು ಕೇಳುತ್ತಾಳೆ. ಸಹಿಯನ್ನು ಬರೆದದ್ದರ ಕೆಳಗೆ, ಓದಿ ಹೇಳಿದ ಮೇಲೆ ತೆಗೆದುಕೊಳ್ಳುತ್ತಾಳೆ. ಯಾರೂ ಒಪ್ಪದಿದ್ದರೆ, ಹೊಣೆ ಯಾರೂ ಇಲ್ಲ ಎಂದೇ ಬರೆದು, ಏಳುವ ಮೊದಲು ಆ ಸಾಲನ್ನು ಗಟ್ಟಿಯಾಗಿ ಓದುತ್ತಾಳೆ. ಹಾಗೆ ಓದಿದಾಗ ಕೆಲವು ಸಲ ಯಾರೋ ಒಬ್ಬರು ಕೆಮ್ಮಿ, ಬರೀರಿ ನನ್ನ ಹೆಸರು ಅನ್ನುತ್ತಾರೆ. ಕೆಲವು ಸಲ ಯಾರೂ ಅನ್ನುವುದಿಲ್ಲ. ಆಗ ಆ ಕೆಲಸ ಬಿಡಬೇಕೋ, ಅಧ್ಯಕ್ಷರು ಮಾಡಬೇಕೋ, ತಾನು ಮಾಡಬೇಕೋ ಎಂದು ಅಲ್ಲೇ ಕೇಳುತ್ತಾಳೆ. ಅವಳ ಹಾಳೆಗಳು ಎರಡು ಸಲ ಜಿಲ್ಲೆಯಿಂದ ವಾಪಸ್ ಬಂದಿವೆ. ಮೂರನೆಯ ಸಲ ಲಲಿತಾ ಮೇಡಮ್ ಫೋನು ಮಾಡಿ ವಿಚಾರಿಸಿ, ಕೇಳಿಸಿಕೊಂಡು, ಆಯಿತು ಹಾಗೇ ಕಳಿಸಿ ಅಂದರು.

ಯುಗಾದಿಗೆ ಹುಲಗಮ್ಮ ಊರಿಗೆ ಬಂದವಳು ನೇರವಾಗಿ ಲಕ್ಷ್ಮಣಪ್ಪನ ಮನೆಗೆ ಹೋಗಿ ಕಾಲು ಹಿಡಿದಳಂತೆ. ಅವನು ಎಬ್ಬಿಸಿ ಕೂಡಿಸಿ ನೀರು ಕೊಟ್ಟನಂತೆ. ಆದರೆ ಮೊದಲಿನ ಸಲಿಗೆ ಇಬ್ಬರಲ್ಲೂ ಬರಲಿಲ್ಲ ಎಂದು ಮಕ್ಬುಲಸಾಬ ಹೇಳಿದ. ಖಾಲಿಯಾದ ನಿರ್ದೇಶಕರ ಸ್ಥಾನಕ್ಕೆ ಗಂಗಾ ಎಂಬ ಹೆಣ್ಣುಮಗಳು ಬಂದಳು. ಚುರುಕು, ಆಗುವುದಿಲ್ಲ ಎಂದು ಮುಖಕ್ಕೆ ಹೇಳುವವಳು.

ಲಕ್ಷ್ಮಣಪ್ಪ ಸಂಘಕ್ಕೆ ಬರುವುದಿಲ್ಲ. ಲಸಿಕೆ ಇದ್ದಾಗ ಮೊಮ್ಮಗನ ಕೈಯಲ್ಲಿ ಕುರಿ ಕಳಿಸುತ್ತಾನೆ. ಹೋದ ತಿಂಗಳು ಸಂತೆಯ ದಿನ ಬಸ್ ನಿಲ್ದಾಣದ ಹತ್ತಿರ ಶಾಂಭವಿಗೆ ಎದುರಾದ. ನಿಂತು, ನಿಮ್ಮ ಅವ್ವ ಹೇಗಿದ್ದಾರೆ, ಮಳೆ ಬಿತ್ತೇನು ಆ ಕಡೆ ಎಂದು ಕೇಳಿದ. ಅವಳು ಹೇಳಿದಳು. ಮಗಳ ಮನೆಯ ಸುದ್ದಿ ಕೇಳಬೇಕೆಂದು ಅವಳ ಬಾಯಿಗೆ ಬಂದಿತ್ತು. ಅವನ ಸುತ್ತ ಊರಿನ ನಾಲ್ಕು ಜನ ನಿಂತಿದ್ದರು, ಕೇಳಲಿಲ್ಲ. ಕುಷ್ಟಗಿಯ ಬಸ್ಸು ಬಂತು. ಬರ್ತೀನ್ರಿ ಕಾಕಾ ಎಂದು ಹತ್ತಿದಳು. ಕಿಟಕಿಯಿಂದ ನೋಡಿದಾಗ ಅವನು ಬಗ್ಗಿ ಒಂದು ರಾಶಿ ಹಸಿಮೆಣಸಿನಕಾಯಿಯ ಚೌಕಾಸಿಗೆ ಕುಳಿತಿದ್ದ.